ಸ್ಕ್ರೀನ್‌ಶಾಟ್‌ನಲ್ಲಿ ಬಂದ ಲೆಕ್ಕದ ಪಟ್ಟಿಯನ್ನು ಸಾಲುಸಾಲಾಗಿ ಬರೆಯುವುದು: ಖಾಲಿ ಸೆಲ್ ಕಳೆದುಹೋಗದಂತೆ

ಎಕ್ಸೆಲ್ ಫೈಲ್ ಕಳಿಸುವ ಬದಲು ಅದರ ಸ್ಕ್ರೀನ್‌ಶಾಟ್ ಕಳಿಸುವುದು ಈಗ ಮಾಮೂಲು. ಹಾಲಿನ ಡೈರಿಯ ಲೆಕ್ಕ, ಸ್ವಸಹಾಯ ಸಂಘದ ಸಾಲದ ಪಟ್ಟಿ, ಶಾಲೆಯ ಅಂಕಪಟ್ಟಿ, ಎಲ್ಲವೂ ವಾಟ್ಸಾಪ್‌ನಲ್ಲಿ ಚಿತ್ರವಾಗಿ ಬರುತ್ತವೆ. ಅದನ್ನು ನೋಡಿಕೊಂಡು ಯಾರಾದರೂ ಟೈಪ್ ಮಾಡಲೇಬೇಕು. ಆಗ ಅಂಕಿಗಳಿಗಿಂತ ಜಾಸ್ತಿ ಕಾಡುವುದು ಏನೂ ಬರೆಯದ ಬಿಳಿ ಜಾಗ.

ಯಾಕೆಂದರೆ ಚಿತ್ರದಲ್ಲಿ ಬಿಳಿಯಾಗಿ ಕಾಣುವ ಜಾಗಕ್ಕೆ ಮೂರು ಅರ್ಥ ಇರಬಹುದು. ಒಂದು, ಆ ಸೆಲ್ ನಿಜವಾಗಿಯೂ ಖಾಲಿ. ಎರಡು, ಅದು ಮೇಲಿನ, ಕೆಳಗಿನ ಅಥವಾ ಪಕ್ಕದ ಸೆಲ್ ಜೊತೆ ಮರ್ಜ್ ಆಗಿದೆ, ಅಂದರೆ ಅಲ್ಲಿನ ಮಾತೇ ಇದಕ್ಕೂ ಸೇರುತ್ತದೆ. ಮೂರು, ಅಲ್ಲಿ ಏನೋ ಇದೆ, ಆದರೆ ಮಸುಕಾಗಿ ಕಾಣುತ್ತಿಲ್ಲ. ಟೈಪ್ ಮಾಡುವಾಗ ಮೂರನ್ನೂ ಸುಮ್ನೆ ಬಿಟ್ಟುಬಿಟ್ಟರೆ ಓದುವವರಿಗೆ ಯಾವುದು ಯಾವುದೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿ ಬರೆಯುವುದು ಹೇಗೆಂದು ಒಂದು ಪಟ್ಟಿ ಇಟ್ಟುಕೊಂಡು ನೋಡೋಣ.

ನಮ್ಮ ಉದಾಹರಣೆ

ಇದು ಉದಾಹರಣೆಗೆಂದೇ ಮಾಡಿದ ಪಟ್ಟಿ, ಆದರೆ ಹಳ್ಳಿಯ ಡೈರಿಗಳಲ್ಲಿ ಇಂಥದ್ದು ಕಾಣಸಿಗುತ್ತದೆ. ಯಾರು ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು ಎಂಬ ಎರಡು ದಿನದ ಲೆಕ್ಕ. A ಯಿಂದ F ವರೆಗೆ ಆರು ಕಾಲಂ, ಒಟ್ಟು ಹತ್ತು ಸಾಲು.

ಮೊದಲ ಸಾಲಿನಲ್ಲಿ ಶೀರ್ಷಿಕೆ. ಎರಡನೇ ಸಾಲಿನಲ್ಲಿ "ಸೋಮವಾರ" ಎಂಬುದು C, D ಎರಡರ ಮೇಲೂ, "ಮಂಗಳವಾರ" ಎಂಬುದು E, F ಎರಡರ ಮೇಲೂ ಹರಡಿದೆ. ಮೂರನೇ ಸಾಲಿನಲ್ಲಿ ಪ್ರತಿ ದಿನದ ಕೆಳಗೆ "ಲೀಟರ್", "ಫ್ಯಾಟ್". A ಕಾಲಂನಲ್ಲಿ ಸದಸ್ಯರ ನಂಬರ್, B ಕಾಲಂನಲ್ಲಿ ಬೆಳಿಗ್ಗೆ ಅಥವಾ ಸಂಜೆ. ಒಬ್ಬ ಸದಸ್ಯರಿಗೆ ಎರಡು ಸಾಲು ಬೇಕಾದ್ದರಿಂದ ಅವರ ನಂಬರ್ ಇರುವ ಸೆಲ್ ಎರಡು ಸಾಲಿನ ಎತ್ತರ ಇದೆ. ಕೊನೆಯ ಸಾಲು ಹಳದಿ ಬಣ್ಣದ್ದು, ಅದರಲ್ಲಿ ಒಟ್ಟು. ಗೆರೆಗಳು ಇದ್ದೂ ಇಲ್ಲದಂತೆ ಕಾಣುತ್ತವೆ.

ಮೊದಲು ಗೆರೆ ಕಾಣುವಂತೆ ಮಾಡಿ

ಟೈಪ್ ಮಾಡಲು ಕೂರುವ ಮುಂಚೆ ಒಂದು ಮಾತು ಕೇಳಿಬಿಡಿ: ಫೈಲೇ ಸಿಗುತ್ತದಾ? ಸಿಗದಿದ್ದರೆ ಆ ಚಿತ್ರವನ್ನೇ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಬಂದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ. ಕುಗ್ಗಿಸುವಾಗ ಮೊದಲು ಹಾಳಾಗುವುದೇ ತಿಳಿ ಬೂದು ಬಣ್ಣದ ಸಣ್ಣ ಗೆರೆಗಳು. ಡಾಕ್ಯುಮೆಂಟ್ ಆಗಿ ಬಂದರೆ ಚಿತ್ರ ಇದ್ದ ಹಾಗೇ ಬರುತ್ತದೆ.

ನಂತರ ಚಿತ್ರದ ಒಂದು ಪ್ರತಿ ಮಾಡಿಕೊಂಡು, ಫೋನಿನ ಫೋಟೋ ಎಡಿಟರ್‌ನಲ್ಲಿ ಬ್ರೈಟ್‌ನೆಸ್ ಸ್ವಲ್ಪ ತಗ್ಗಿಸಿ. ಆಮೇಲೆ ಕಾಂಟ್ರಾಸ್ಟ್ ಪೂರ್ತಿ ಏರಿಸಿ. ಎರಡೂ ಬೇಕು. ಗೆರೆಯ ಬಣ್ಣ ಬಿಳಿಗೆ ತೀರಾ ಹತ್ತಿರ ಇರುತ್ತದೆ. ಕಾಂಟ್ರಾಸ್ಟ್ ಮಾತ್ರ ಏರಿಸಿದರೆ ಅದು ಬಿಳಿಯಲ್ಲೇ ಮುಳುಗಿಹೋಗುತ್ತದೆ. ಜೊತೆಗೆ ಕತ್ತಲೂ ಮಾಡಿಕೊಂಡರೆ ಕಪ್ಪಿನ ಕಡೆಗೆ ವಾಲಿ ಎದ್ದು ಕಾಣುತ್ತದೆ.

ಅಷ್ಟಾದರೂ ಗೆರೆ ಕಾಣದಿದ್ದರೆ ನೀವೇ ಎಳೆಯಿರಿ. ಎಕ್ಸೆಲ್‌ನಲ್ಲಿ ಅಂಕಿಗಳು ತಾವಾಗಿಯೇ ಸೆಲ್‌ನ ಬಲ ಅಂಚಿಗೆ ಅಂಟಿ ನಿಲ್ಲುತ್ತವೆ, ಅಕ್ಷರಗಳು ಎಡ ಅಂಚಿಗೆ. ಹಾಗಾಗಿ ಒಂದು ಕಾಲಂನ ಅಂಕಿಗಳ ಬಲ ತುದಿಗಳು ಒಂದೇ ನೇರದಲ್ಲಿ ಬರುತ್ತವೆ. ಫೋನಿನ ಮಾರ್ಕಪ್ ಪೆನ್ನಿನಲ್ಲಿ ಆ ತುದಿಗಳನ್ನು ಹಿಡಿದು ಮೇಲಿಂದ ಕೆಳಕ್ಕೆ ಕೆಂಪು ಗೆರೆ ಎಳೆದರೆ ಕಾಲಂಗಳು ಸಿಕ್ಕವು. ಕಂಪ್ಯೂಟರ್‌ನಲ್ಲಾದರೆ ಪೇಂಟ್‌ನಲ್ಲಿ ಇನ್ನೂ ನೇರವಾಗಿ ಎಳೆಯಬಹುದು.

ಒಂದು ಎಚ್ಚರಿಕೆ. ಎಕ್ಸೆಲ್ ತಾನಾಗಿ ತೋರಿಸುವ ಈ ಬೂದು ಗೆರೆ ಬಣ್ಣ ತುಂಬಿದ ಸೆಲ್‌ಗಳಲ್ಲಿ ಕಾಣುವುದೇ ಇಲ್ಲ. ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಹಳದಿ ಸಾಲಿನಲ್ಲಿ ನಡುವೆ ಗೆರೆ ಇಲ್ಲ ಅಂದಮಾತ್ರಕ್ಕೆ ಅಲ್ಲಿನ ಸೆಲ್‌ಗಳು ಮರ್ಜ್ ಆಗಿವೆ ಎಂದು ತೀರ್ಮಾನಿಸಬೇಡಿ. ಯಾರಾದರೂ ಬೇಕೆಂದೇ ಎಳೆದ ಬಾರ್ಡರ್ ಆದರೆ ಬಣ್ಣದ ಮೇಲೂ ಕಾಣುತ್ತದೆ.

ಮರ್ಜ್ ಆದ ಸೆಲ್ ಎಲ್ಲಿಂದ ಎಲ್ಲಿವರೆಗೆ?

ಹೆಚ್ಚು ತಪ್ಪುಗಳು ಆಗುವ ಜಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಎಕ್ಸೆಲ್‌ನಲ್ಲಿ `Merge & Center` ಒತ್ತಿದರೆ ಬರಹ ಅಡ್ಡಕ್ಕೆ ಮಾತ್ರ ನಡುವೆ ಬರುತ್ತದೆ. ಮೇಲೆ ಕೆಳಗಿನ ಲೆಕ್ಕದಲ್ಲಿ ಅದು ಸೆಲ್‌ನ ತಳದಲ್ಲೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಮೊದಲಿಂದ ಇರುವ ಜೋಡಣೆ ಅದೇ. ಪರಿಣಾಮ ಏನು? ನಮ್ಮ ಪಟ್ಟಿಯಲ್ಲಿ ಸದಸ್ಯರ ನಂಬರ್ 12 ಎಂಬುದು A4, A5 ಎರಡಕ್ಕೂ ಸೇರಿದ್ದು. ಆದರೆ ಚಿತ್ರದಲ್ಲಿ ಅದು ಐದನೇ ಸಾಲಿನ ಎದುರು, "ಸಂಜೆ" ಪಕ್ಕದಲ್ಲಿ ಕೂತಿದೆ. ನಾಲ್ಕನೇ ಸಾಲಿನ "ಬೆಳಿಗ್ಗೆ" ಪಕ್ಕ ಬಿಳಿ. ಮುಂದಿನ ಸದಸ್ಯ 17, ಏಳನೇ ಸಾಲಿನ "ಸಂಜೆ" ಪಕ್ಕ. ಆರನೇ ಸಾಲಿನ "ಬೆಳಿಗ್ಗೆ" ಪಕ್ಕ ಮತ್ತೆ ಬಿಳಿ.

ಹೀಗಿರುವಾಗ ಕಣ್ಣು ಏನು ಮಾಡುತ್ತದೆ ಗೊತ್ತಾ? ನಂಬರ್ ಕಂಡ ಸಾಲಿನಿಂದ ಆ ಸದಸ್ಯರ ಲೆಕ್ಕ ಶುರು ಎಂದು ಓದುತ್ತದೆ. ಐದು ಮತ್ತು ಆರನೇ ಸಾಲು 12ರದ್ದು, ಏಳು ಮತ್ತು ಎಂಟನೇ ಸಾಲು 17ರದ್ದು ಎಂದಾಗಿಬಿಡುತ್ತದೆ. 17ನೇ ಸದಸ್ಯರು ಬೆಳಿಗ್ಗೆ ಹಾಕಿದ ಹಾಲು 12ನೇ ಸದಸ್ಯರ ಹೆಸರಿಗೆ ಹೋಯಿತು. ಒಟ್ಟು ಲೀಟರ್ ಮಾತ್ರ ಸರಿಯಾಗಿಯೇ ಬರುತ್ತದೆ, ಆದ್ದರಿಂದ ಕೂಡಿ ನೋಡಿದರೂ ತಪ್ಪು ಸಿಗುವುದಿಲ್ಲ. ಹಣ ಮಾತ್ರ ಬೇರೆಯವರಿಗೆ ಸೇರುತ್ತದೆ.

ಇದನ್ನು ತಪ್ಪಿಸಲು ಬರಹವನ್ನು ಬಿಟ್ಟು ಗೆರೆಯನ್ನು ನೋಡಿ. ನಾಲ್ಕು ಮತ್ತು ಐದನೇ ಸಾಲಿನ ನಡುವಿನ ಅಡ್ಡ ಗೆರೆ B ಯಿಂದ F ವರೆಗೆ ಇದೆ, A ಕಾಲಂನಲ್ಲಿ ಇಲ್ಲ. ಐದು ಮತ್ತು ಆರನೇ ಸಾಲಿನ ನಡುವಿನ ಗೆರೆ A ಕಾಲಂನಲ್ಲೂ ಇದೆ. ಅಂದರೆ ಮರ್ಜ್ ಆಗಿರುವುದು 4 ಮತ್ತು 5. ಗೆರೆ ಅಷ್ಟೂ ಕಾಣದಿದ್ದರೆ ಪಕ್ಕದ ಕಾಲಂ ಸಹಾಯಕ್ಕೆ ಬರುತ್ತದೆ: B ಕಾಲಂನಲ್ಲಿ ಬೆಳಿಗ್ಗೆ ಮೊದಲು, ಸಂಜೆ ಆಮೇಲೆ. ಒಬ್ಬ ಸದಸ್ಯರ ಗುಂಪು ಬೆಳಿಗ್ಗೆಯಿಂದಲೇ ಶುರುವಾಗಬೇಕು, ಅಲ್ವಾ? ಪಟ್ಟಿಯ ಎಡ ಅಂಚಿನ ಸಾಲು ಸಂಖ್ಯೆಗಳು ಚಿತ್ರದಲ್ಲಿ ಬಂದಿದ್ದರೆ ಇನ್ನೂ ಒಳ್ಳೆಯದು. ಸೆಲ್ ಎಷ್ಟೇ ಮರ್ಜ್ ಆಗಲಿ, ಆ ಸಂಖ್ಯೆಗಳು ಒಂದೊಂದಾಗಿಯೇ ಇರುತ್ತವೆ. ಅವು ನಡುವೆ ಹಾರಿದ್ದರೆ, 7 ಆದಮೇಲೆ 10 ಬಂದರೆ, ಎರಡು ಸಾಲು ಅಡಗಿಸಿಟ್ಟಿದ್ದಾರೆ ಎಂದರ್ಥ. ಅದನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಅಡ್ಡಕ್ಕೆ ಹರಡಿದ ಬರಹದಲ್ಲಿ ಇನ್ನೊಂದು ಗೊಂದಲ ಇದೆ. ಉದ್ದದ ಬರಹ ಪಕ್ಕದ ಸೆಲ್ ಖಾಲಿ ಇದ್ದರೆ ತಾನಾಗಿಯೇ ಅದರ ಮೇಲೆ ಚಾಚಿಕೊಳ್ಳುತ್ತದೆ, ಅಲ್ಲಿನ ಗೆರೆಯನ್ನೂ ಮರೆಮಾಡುತ್ತದೆ. ನೋಡಲು ಮರ್ಜ್ ಆದಂತೆಯೇ ಇರುತ್ತದೆ. ಬರಹ ಮೊದಲ ಸೆಲ್‌ನ ಎಡ ಅಂಚಿನಿಂದ ಶುರುವಾಗಿದ್ದರೆ ಅದು ಬಹುತೇಕ ಚಾಚಿಕೊಂಡದ್ದು, ಉಳಿದ ಸೆಲ್‌ಗಳು ನಿಜವಾಗಿ ಖಾಲಿ. ಹಲವು ಕಾಲಂಗಳ ನಡುಮಧ್ಯದಲ್ಲಿ ನಿಂತಿದ್ದರೆ ಮರ್ಜ್ ಎಂದು ಬರೆಯಬಹುದು. ಹಳದಿ ಸಾಲಿನ "ಒಟ್ಟು" ಎಂಬುದಕ್ಕೂ ಇದೇ ಪರೀಕ್ಷೆ. ನಮ್ಮ ಚಿತ್ರದಲ್ಲಿ ಅದು A ಮತ್ತು B ಎರಡರ ಮಧ್ಯೆ ನಿಂತಿದೆ, ಹಾಗಾಗಿ A10, B10 ಮರ್ಜ್.

ಗುರುತುಗಳನ್ನು ಮೊದಲೇ ತೀರ್ಮಾನಿಸಿ

ನಾನು ಬಳಸುವುದು ನಾಲ್ಕೇ ಗುರುತು. ನಿಜವಾಗಿ ಖಾಲಿ ಇರುವ ಸೆಲ್‌ಗೆ `(ಖಾಲಿ)`. ಮೇಲಿನ ಸೆಲ್ ಜೊತೆ ಮರ್ಜ್ ಆದದ್ದಕ್ಕೆ `(ಮೇಲಿನದೇ)`. ಎಡದ ಸೆಲ್ ಜೊತೆ ಮರ್ಜ್ ಆದದ್ದಕ್ಕೆ `(ಎಡದ್ದೇ)`. ಏನೋ ಇದೆ ಆದರೆ ಓದಲಾಗುತ್ತಿಲ್ಲ ಅಂದರೆ `(ಓದಲಾಗದು)`. ಸೆಲ್‌ಗಳ ನಡುವೆ ಒಂದು ಉದ್ದ ಗೆರೆ, `|`.

ಖಾಲಿಗೆ ಅಡ್ಡಗೆರೆ ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಮೂಲ ಪಟ್ಟಿಯಲ್ಲೇ ಯಾರಾದರೂ "-" ಟೈಪ್ ಮಾಡಿರುತ್ತಾರೆ, ಅದು ಖಾಲಿ ಅಲ್ಲ, ಅದನ್ನು ಇದ್ದ ಹಾಗೇ ಬರೆಯಬೇಕು. ಸೊನ್ನೆ ಹಾಕುವುದಂತೂ ಬೇಡವೇ ಬೇಡ. 12ನೇ ಸದಸ್ಯರ ನಾಲ್ಕು ಹೊತ್ತಿನ ಲೀಟರ್ 5.5, 4.0, 5.0, ಕೊನೆಯದು ಖಾಲಿ. `AVERAGE` ಸೂತ್ರ ಖಾಲಿ ಸೆಲ್ ಅನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 14.5 ಅನ್ನು ಮೂರರಿಂದ ಭಾಗಿಸಿ ಸುಮಾರು 4.83 ಕೊಡುತ್ತದೆ. ನೀವು ಅಲ್ಲಿ 0 ಬರೆದರೆ ನಾಲ್ಕರಿಂದ ಭಾಗಿಸಿ 3.625 ಕೊಡುತ್ತದೆ. ಹಾಲು ಹಾಕಲೇ ಇಲ್ಲವೋ, ಹಾಕಿದರೂ ಬರೆಯಲು ಮರೆತರೋ ಚಿತ್ರ ನೋಡಿ ಹೇಳಲಾಗದು. 0 ಎಂದು ಬರೆದರೆ ಅದನ್ನು ನೀವೇ ತೀರ್ಮಾನಿಸಿದಂತೆ.

ಮರ್ಜ್ ಆದ ಬರಹವನ್ನು ಪ್ರತಿ ಸಾಲಿನಲ್ಲೂ ಮತ್ತೆ ಬರೆಯಬೇಕೇ? ಇದಕ್ಕೆ ನನ್ನ ನಿಯಮ ಹೀಗೆ. ಹೆಸರು, ಸದಸ್ಯರ ನಂಬರ್, ದಿನ ಇಂಥವನ್ನು ಮತ್ತೆ ಬರೆಯಿರಿ. ಆಗ ಪ್ರತಿ ಸಾಲೂ ತಾನೊಂದೇ ಇದ್ದರೂ ಅರ್ಥವಾಗುತ್ತದೆ. ಲೆಕ್ಕಕ್ಕೆ ಹೋಗುವ ಅಂಕಿಯನ್ನು ಎಂದೂ ಮತ್ತೆ ಬರೆಯಬೇಡಿ. ಒಬ್ಬ ಸದಸ್ಯರಿಗೆ ಎರಡು ಸಾಲು ಸೇರಿಸಿ 500 ರೂಪಾಯಿ ಮುಂಗಡ ಎಂದು ಒಂದೇ ಸೆಲ್‌ನಲ್ಲಿ ಇದ್ದು, ನೀವು ಎರಡೂ ಸಾಲಿನಲ್ಲಿ 500 ಬರೆದರೆ, ಕೂಡಿದವರಿಗೆ 1000 ಬರುತ್ತದೆ. ಮೊದಲ ಸಾಲಿನಲ್ಲಿ 500, ಎರಡನೆಯದರಲ್ಲಿ `(ಮೇಲಿನದೇ)`. ಉದ್ದದ ಟಿಪ್ಪಣಿಗೂ ಹೀಗೇ ಮಾಡಿ.

ಸಾಲುಗಳನ್ನು ಬರೆಯುವುದು

ತಲೆಬರಹದ ಎರಡು ಸಾಲುಗಳನ್ನು ಒಂದು ಮಾಡಿ. "ಸೋಮವಾರ" ಮೇಲೆ, "ಲೀಟರ್" ಕೆಳಗೆ ಎಂದು ಬಿಡುವ ಬದಲು "ಸೋಮ ಲೀಟರ್" ಎಂದು ಸೇರಿಸಿ ಬರೆದರೆ ಪ್ರತಿ ಕಾಲಂಗೂ ಒಂದು ಪೂರ್ತಿ ಹೆಸರು ಬರುತ್ತದೆ. ಶೀರ್ಷಿಕೆಯನ್ನು ಪಟ್ಟಿಯ ಹೊರಗೆ, ಮೇಲೆ ಬರೆಯಿರಿ.

ಆಮೇಲೆ ಒಂದೊಂದೇ ಸಾಲು, ಎಡದಿಂದ ಬಲಕ್ಕೆ. ಒಂದು ಕಾಗದದ ಅಂಚನ್ನು ಪರದೆಯ ಮೇಲೆ ಆ ಸಾಲಿನ ಕೆಳಗೆ ಹಿಡಿದರೆ ಕಣ್ಣು ಜಾರುವುದಿಲ್ಲ. ಪ್ರತಿ ಸೆಲ್‌ಗೂ ಏನಾದರೊಂದು ಬರೆದೇ ಮುಂದೆ ಹೋಗಿ. ಚಿತ್ರದಿಂದ ಅಕ್ಷರ ನಕಲು ಮಾಡಿಕೊಡುವ ಸೌಲಭ್ಯ ಫೋನಿನಲ್ಲಿ ಇದ್ದರೂ ಇಲ್ಲಿ ಅದನ್ನೇ ನಂಬಬೇಡಿ. ಅದು ಕಂಡ ಅಕ್ಷರಗಳನ್ನು ಎತ್ತಿಕೊಡುತ್ತದೆ, ನಡುವಿನ ಖಾಲಿ ಜಾಗ ಹಾಗೇ ಬಿಟ್ಟುಹೋಗುತ್ತದೆ.

ಬಿಟ್ಟುಹೋದರೆ ಏನಾಗುತ್ತದೆ ನೋಡಿ. 17ನೇ ಸದಸ್ಯರ ಸೋಮವಾರ ಸಂಜೆಯ ಎರಡೂ ಸೆಲ್ ಖಾಲಿ, ಮಂಗಳವಾರ ಸಂಜೆ 2.5 ಲೀಟರ್, ಫ್ಯಾಟ್ 3.9. ಖಾಲಿ ಎರಡನ್ನು ಬಿಟ್ಟು ಬರೆದರೆ ಸಾಲು "17, ಸಂಜೆ, 2.5, 3.9" ಎಂದಾಗುತ್ತದೆ. ಮಂಗಳವಾರದ ಹಾಲು ಸೋಮವಾರಕ್ಕೆ ಜಾರಿತು. ನೋಡಿದರೆ ತಪ್ಪು ಎಂದು ಅನಿಸುವುದೂ ಇಲ್ಲ, ಯಾಕೆಂದರೆ 2.5 ಲೀಟರ್ ಎಂಬುದು ಸೋಮವಾರಕ್ಕೂ ಒಪ್ಪುವ ಅಂಕಿಯೇ.

23ನೇ ಸದಸ್ಯರ ಎರಡೂ ಸಾಲಿನಲ್ಲಿ, C ಯಿಂದ F ವರೆಗೆ, ಎಂಟು ಸೆಲ್ ಸೇರಿಸಿ ಒಂದೇ ಮಾತು ಬರೆದಿದ್ದಾರೆ: "ಹಸು ಗಬ್ಬ, ಹಾಲು ನಿಂತಿದೆ". ಇಲ್ಲಿ ಖಾಲಿ ಎಂಬುದೇ ಇಲ್ಲ. ಮೊದಲ ಸೆಲ್‌ನಲ್ಲಿ ಮಾತು ಬರೆದು, ಅದರ ಬಲಕ್ಕೆ `(ಎಡದ್ದೇ)`, ಕೆಳಗಿನ ಸಾಲಿಗೆಲ್ಲ `(ಮೇಲಿನದೇ)`.

ಎಲ್ಲ ಸೇರಿ ಹೀಗೆ ಬರುತ್ತದೆ:

```
ಸದಸ್ಯ | ಹೊತ್ತು | ಸೋಮ ಲೀಟರ್ | ಸೋಮ ಫ್ಯಾಟ್ | ಮಂಗಳ ಲೀಟರ್ | ಮಂಗಳ ಫ್ಯಾಟ್
12 | ಬೆಳಿಗ್ಗೆ | 5.5 | 4.1 | 5.0 | 4.0
12 | ಸಂಜೆ | 4.0 | 4.3 | (ಖಾಲಿ) | (ಖಾಲಿ)
17 | ಬೆಳಿಗ್ಗೆ | 3.0 | 3.8 | 3.5 | (ಖಾಲಿ)
17 | ಸಂಜೆ | (ಖಾಲಿ) | (ಖಾಲಿ) | 2.5 | 3.9
23 | ಬೆಳಿಗ್ಗೆ | ಹಸು ಗಬ್ಬ, ಹಾಲು ನಿಂತಿದೆ | (ಎಡದ್ದೇ) | (ಎಡದ್ದೇ) | (ಎಡದ್ದೇ)
23 | ಸಂಜೆ | (ಮೇಲಿನದೇ) | (ಮೇಲಿನದೇ) | (ಮೇಲಿನದೇ) | (ಮೇಲಿನದೇ)
ಒಟ್ಟು | (ಎಡದ್ದೇ) | 12.5 | (ಖಾಲಿ) | 11.0 | (ಖಾಲಿ)
```

ಚಿತ್ರದ ಎರಡು ತಲೆಬರಹದ ಸಾಲು ಇಲ್ಲಿ ಒಂದಾಗಿದೆ, ಶೀರ್ಷಿಕೆ ಹೊರಗೆ ಹೋಗಿದೆ. ಸದಸ್ಯರ ನಂಬರ್ ಮರ್ಜ್ ಆಗಿದ್ದು, ಎರಡೂ ಸಾಲಿನಲ್ಲಿ ಮತ್ತೆ ಬರೆದಿದ್ದೇನೆ ಎಂಬ ಒಂದು ಮಾತನ್ನು ಪಟ್ಟಿಯ ಕೆಳಗೆ ಸೇರಿಸಿ. ನಾಲ್ಕು ಗುರುತುಗಳ ಅರ್ಥವನ್ನೂ ಅಲ್ಲೇ ಬರೆಯಿರಿ.

ಸರಿ ಇದೆಯೇ ಎಂದು ನೋಡುವುದು

ಮೊದಲ ಪರೀಕ್ಷೆ ಗೆರೆ ಎಣಿಸುವುದು. ಆರು ಕಾಲಂ ಅಂದರೆ ಪ್ರತಿ ಸಾಲಿನಲ್ಲೂ ಐದು `|` ಇರಬೇಕು. ಒಂದು ಸಾಲಿನಲ್ಲಿ ನಾಲ್ಕೇ ಇದ್ದರೆ ಅಲ್ಲೊಂದು ಸೆಲ್ ನುಂಗಿಹೋಗಿದೆ.

ಎರಡನೆಯದು ಕೂಡುವುದು. ಸೋಮವಾರ 5.5, 4.0, 3.0 ಸೇರಿ 12.5, ಸರಿ. ಮಂಗಳವಾರ 5.0, 3.5, 2.5 ಸೇರಿ 11.0, ಅದೂ ಸರಿ. ಆಗಲೇ ಹೇಳಿದಂತೆ 2.5 ಸೋಮವಾರಕ್ಕೆ ಜಾರಿದ್ದರೆ ಸೋಮವಾರದ ಒಟ್ಟು 15.0 ಆಗಿ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ ಕೂಡುವುದರಿಂದ ಎಲ್ಲ ತಪ್ಪೂ ಸಿಗುವುದಿಲ್ಲ. ಖಾಲಿ ಜಾಗಕ್ಕೆ 0 ಬರೆದಿದ್ದರೂ ಒಟ್ಟು ಅಷ್ಟೇ ಬರುತ್ತದೆ. ಸದಸ್ಯರ ನಂಬರ್ ಒಂದು ಸಾಲು ಜಾರಿದ್ದರೂ ಅಷ್ಟೇ. ಅವೆರಡನ್ನು ಮತ್ತೊಮ್ಮೆ ಚಿತ್ರದ ಜೊತೆ ಕಣ್ಣಿನಿಂದಲೇ ನೋಡಬೇಕು.

ಒಂದು ಅಂಕಿ ಮಸುಕಾಗಿದ್ದರೆ ಒಟ್ಟಿನಿಂದ ಹಿಂದಕ್ಕೆ ಹೋಗಿ ಕಂಡುಹಿಡಿಯಬಹುದು. 17ನೇ ಸದಸ್ಯರ ಮಂಗಳವಾರದ ಬೆಳಿಗ್ಗೆಯ ಲೀಟರ್ 3.5 ಅಥವಾ 3.6 ಎಂದು ಗೊತ್ತಾಗದಿದ್ದರೆ, 11.0ರಿಂದ 5.0 ಮತ್ತು 2.5 ಕಳೆಯಿರಿ, 3.5 ಉಳಿಯುತ್ತದೆ. ಆದರೆ ಹೀಗೆ ಮಾಡಿದ ಕಾಲಂನಲ್ಲಿ ಒಟ್ಟು ಆಮೇಲೆ ಪರೀಕ್ಷೆಗೆ ಬರುವುದಿಲ್ಲ. ಉತ್ತರ ಪಡೆದದ್ದೇ ಅದರಿಂದ. ಹಾಗಾಗಿ "ಈ 3.5 ಚಿತ್ರದಲ್ಲಿ ಸ್ಪಷ್ಟವಿಲ್ಲ, ಒಟ್ಟಿನಿಂದ ಲೆಕ್ಕ ಹಾಕಿದ್ದು" ಎಂದು ಕೆಳಗೆ ಬರೆಯಿರಿ. ಒಂದೇ ಕಾಲಂನಲ್ಲಿ ಎರಡು ಅಂಕಿ ಮಸುಕಾಗಿದ್ದರೆ ಈ ದಾರಿಯೂ ಇಲ್ಲ, ಎರಡಕ್ಕೂ `(ಓದಲಾಗದು)`.

ಫ್ಯಾಟ್ ಕಾಲಂಗೆ ಒಟ್ಟು ಇರುವುದಿಲ್ಲ. ಅಲ್ಲಿ ಅಂಕಿಯ ಮಿತಿಯೇ ಸುಳಿವು. ಹಸುವಿನ ಹಾಲಿನಲ್ಲಿ ಸಾಮಾನ್ಯವಾಗಿ ಫ್ಯಾಟ್ ನಾಲ್ಕರ ಆಸುಪಾಸಿನಲ್ಲಿ ಇರುತ್ತದೆ, ಎಮ್ಮೆಯದಾದರೆ ಇನ್ನೂ ಜಾಸ್ತಿ. 38 ಎಂದು ಕಂಡರೆ ಚುಕ್ಕಿ ಅಳಿಸಿದೆ ಎಂದು ತಿಳಿಯಿರಿ, ಚಿತ್ರವನ್ನು ಹಿಗ್ಗಿಸಿ ನೋಡಿ.

ಮತ್ತೆ ಶೀಟ್‌ಗೆ ಹಾಕುವುದಾದರೆ

ಈ ಸಾಲುಗಳನ್ನು ಎಕ್ಸೆಲ್‌ನ A ಕಾಲಂಗೆ ಪೇಸ್ಟ್ ಮಾಡಿ. ಮೊದಲು `Ctrl+H` ಒತ್ತಿ, ಎರಡೂ ಬದಿ ಸ್ಪೇಸ್ ಇರುವ ಗೆರೆಯನ್ನು ಸ್ಪೇಸ್ ಇಲ್ಲದ `|` ಆಗಿ ಬದಲಿಸಿ. ಇದನ್ನು ಬಿಟ್ಟರೆ ಆಮೇಲೆ ಸೆಲ್‌ನಲ್ಲಿ ಕಣ್ಣಿಗೆ ಕಾಣದ ಸ್ಪೇಸ್ ಉಳಿದು, ಖಾಲಿ ಮಾಡಿದ ಸೆಲ್ ಕೂಡ ಎಕ್ಸೆಲ್ ಲೆಕ್ಕದಲ್ಲಿ ಖಾಲಿ ಅಲ್ಲ ಎಂದಾಗುತ್ತದೆ. ನಂತರ `Data` ಮೆನುವಿನಲ್ಲಿ `Text to Columns`, ಅಲ್ಲಿ `Delimited`, ಮುಂದಿನ ಪುಟದಲ್ಲಿ `Other` ಎದುರು `|` ಹಾಕಿ. `Treat consecutive delimiters as one` ಎಂಬ ಚೌಕದಲ್ಲಿ ಟಿಕ್ ಇರಕೂಡದು. ಕೊನೆಗೆ `(ಖಾಲಿ)` ಎಂಬುದನ್ನು ಹುಡುಕಿ, ಬದಲಿಗೆ ಏನೂ ಹಾಕದೆ `Replace All` ಒತ್ತಿ. ಈಗ ಆ ಸೆಲ್‌ಗಳು ನಿಜವಾಗಿ ಖಾಲಿ.

ಗೂಗಲ್ ಶೀಟ್ಸ್‌ನಲ್ಲಿ `SPLIT` ಸೂತ್ರ ಬಳಸುವವರು ಒಂದು ವಿಷಯ ಗಮನಿಸಿ. ಎರಡು ಗೆರೆಗಳ ನಡುವೆ ಏನೂ ಬರೆಯದಿದ್ದರೆ ಅದು ಆ ಜಾಗವನ್ನು ತಾನಾಗಿಯೇ ತೆಗೆದುಹಾಕಿ, ಮುಂದಿನ ಅಂಕಿಯನ್ನು ಎಡಕ್ಕೆ ಎಳೆಯುತ್ತದೆ. `(ಖಾಲಿ)` ಎಂದು ಬರೆದಿದ್ದರೆ ಆ ತೊಂದರೆ ಬರುವುದಿಲ್ಲ. ಬರೆಯದೇ ಬಂದ ಸಾಲಾದರೆ ಕೊನೆಯ ಆಯ್ಕೆಯನ್ನು ಹೀಗೆ ಕೊಡಬೇಕು:

```
=SPLIT(A1, "|", TRUE, FALSE)
```

ಪಟ್ಟಿ ಕಳಿಸಿದವರಿಗೆ ವಾಪಸ್ ತೋರಿಸುವಾಗ "ಎಲ್ಲ ಸರಿಯಾ ನೋಡಿ" ಎಂದಷ್ಟೇ ಕೇಳಿದರೆ "ಸರಿ ಇದೆ" ಎಂಬ ಉತ್ತರವೇ ಬರುತ್ತದೆ. ಜಾಗ ಹೆಸರಿಸಿ ಕೇಳಿ. ನಮ್ಮ ಪಟ್ಟಿಯಲ್ಲಿ ಮೊದಲು ಕೇಳಬೇಕಾದ್ದು ಇದು: "17ನೇ ಸದಸ್ಯರು ಮಂಗಳವಾರ ಬೆಳಿಗ್ಗೆ 3.5 ಲೀಟರ್ ಹಾಕಿದ್ದಾರೆ, ಆದರೆ ಫ್ಯಾಟ್ ಬರೆದಿಲ್ಲ. ಎಷ್ಟು ಬಂದಿತ್ತು ಹೇಳ್ತೀರಾ?"